ಎಂಜಿನ್ನಿನ ಪುಸ್ತಕದ ಬೆಲೆ

"ಕಡೇ ಅಂಕಿ ಒಂದೋ ಏಳೋ?"

ಬಾಷಾ ಸಾಬರು ಕನ್ನಡಕವನ್ನು ಹಣೆಗೇರಿಸಿ ಎಂಜಿನ್ನಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತಿದ್ದರು. ನಾನು ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯನ್ನು ಹಿತ್ತಾಳೆ ಫಲಕದ ಮೇಲೆ ಒತ್ತಿ ಮತ್ತೆ ಉಜ್ಜಿದೆ. ಹದಿನಾಲ್ಕು ವರ್ಷದ ಎಣ್ಣೆಜಿಡ್ಡು, ಕಡಲೆಕಾಯಿ ಸಿಪ್ಪೆಯ ಧೂಳು, ಆಯುಧಪೂಜೆಯ ಕುಂಕುಮ ಎಲ್ಲ ಸೇರಿ ಅದರ ಮೇಲೆ ಒಂದು ಚರ್ಮವೇ ಬೆಳೆದಿತ್ತು.

"ಮೆಲ್ಲಗೆ ಅಡವಯ್ಯ, ಅದು ರೇಷನ್ ಸೀಮೆಎಣ್ಣೆ. ನನ್ನ ಮನೇಲಿ ಎರಡು ದಿನದ ದೀಪ ನೀನು ಇಲ್ಲಿ ತಿಕ್ತಾ ಇದ್ದೀಯ."

"ಏಳು," ಎಂದೆ. "ನಾಲ್ಕು ಒಂದು ಎಂಟು ಎರಡು ಏಳು."

ಮೊಣಕಾಲಿನ ಮೇಲಿದ್ದ ರಿಜಿಸ್ಟರಿನಲ್ಲಿ ನೋಡಿದೆ. 41827. ಕೊಂಡ ತಾರೀಖು 1930ನೇ ಇಸವಿ ಜುಲೈ ಒಂದು. ಎಂಜಿನ್ನಿಗೆ ನಾಲ್ಕು ಸಾವಿರದ ನಾನ್ನೂರು, ರೈಲು ಬಾಡಿಗೆ, ಗಾಡಿ ಬಾಡಿಗೆ, ಪಾಯ ಕಟ್ಟಿಸಿ ಕೂರಿಸಿದ್ದು ಆರುನೂರು, ಒಟ್ಟು ಐದು ಸಾವಿರ. ಕಬ್ಬಿಣವೂ ಕಾಗದವೂ ಒಂದೇ ಮಾತು ಹೇಳುತ್ತಿದ್ದವು. ನಾನು ಪೆನ್ಸಿಲಿನಿಂದ ಒಂದು ಗುರುತು ಹಾಕಿದೆ.  

"ಯಜಮಾನ್ರು ಪಾಲು ಬಿಟ್ಟು ಹೋಗ್ತಾರೆ ಅಂತ ಖುಷೀನಾ, ದುಃಖಾನಾ ನಿಂಗೆ?" ಎಂದರು ಬಾಷಾ ಸಾಬರು. ಮಿಲ್ಲು ಶುರುವಾದ ದಿನದಿಂದ ಎಂಜಿನ್ನು ಓಡಿಸುತ್ತಿದ್ದವರು ಅವರು. ನನಗಿಂತ ಮೊದಲೇ ನನ್ನ ಮುಖ ಓದುತ್ತಿದ್ದರು.

ಉತ್ತರ ಕೊಡುವಷ್ಟರಲ್ಲಿ ಬಾಗಿಲಲ್ಲಿ ಜೋಡು ಕಿರುಗುಟ್ಟಿತು.

"ಏನ್ಲಾ ಅಡವಯ್ಯ, ಎಂಜಿನ್ನಿಗೆ ಎಣ್ಣೆಸ್ನಾನಾನ?" ಮಹಾಲಿಂಗಯ್ಯ ನಗುತ್ತ ಒಳಗೆ ಬಂದ. ಮಧುಗಿರಿಯ ನಮ್ಮ ಕಡಲೆಕಾಯಿ ಮಿಲ್ಲಿನ ಇಬ್ಬರು ಪಾಲುದಾರರಲ್ಲಿ ಆತ ಒಬ್ಬ, ಯಜಮಾನಿಕೆ ನಡೆಸುತ್ತಿದ್ದವನು. ಇನ್ನೊಬ್ಬರು ಶಿರಾದ ಅಸ್ಗರ್ ಸಾಹೇಬರು. ಮಹಾಲಿಂಗಯ್ಯನ ಹಣೆಯ ತುಂಬ ವಿಭೂತಿ, ಕೈಯಲ್ಲಿ ಬೆಳ್ಳಿ ಕಟ್ಟಿನ ಬೆತ್ತ. "ಸರಿ ಕಣ್ಲಾ, ತಿಕ್ಕು, ಪಳಪಳ ಹೊಳೀಲಿ. ತುಮಕೂರಿನೋರು ಒಂಬತ್ತು ಸಾವಿರ ಕೊಡ್ತೀವಿ ಅಂತ ಕೇಳವ್ರೆ. ಯುದ್ಧ ನಿಲ್ಲೋ ಗಂಟ ಇಂಥ ಎಂಜಿನ್ನು ವಿಲಾಯ್ತಿಯಿಂದ ಹಡಗು ಹತ್ತಲ್ಲ. ಸುಲಿಯೋ ಮಿಷನ್ನಿಗೆ ನಾಲ್ಕು. ಹದಿಮೂರಾಯ್ತು. ಅರ್ಧ ನಂದು. ನನ್ನ ಪಾಲಿನ ಚೀಟಿ ಬರ್ದಿದ್ದೀಯಾ?"

"ಬರ್ದಿದ್ದೀನಿ ಯಜಮಾನ್ರೇ."

ಜೇಬಿನಿಂದ ಚೀಟಿ ತೆಗೆದು ಕೊಟ್ಟೆ. ಆತ ಅದನ್ನು ಬಾಗಿಲ ಬೆಳಕಿಗೆ ಹಿಡಿದ. ಆ ಒಂದು ಕ್ಷಣಕ್ಕೆ ನಾನು ಆರು ವರ್ಷ ಕಾದಿದ್ದೆ.

*

ಮಿಲ್ಲು ಶುರುವಾದಾಗ ಪಾಲುದಾರರು ಮೂವರು. ಮೂರನೆಯವನು ನನ್ನ ಅಪ್ಪ ಗಂಗಾಧರಯ್ಯ. ಕೊರಟಗೆರೆ ರಸ್ತೆಯಲ್ಲಿದ್ದ ಎರಡು ಎಕರೆ ಹೊಲ ಮಾರಿ, ಅಮ್ಮನ ಬಳೆ ಮಾರಿ, ಅಪ್ಪ ತನ್ನ ಮೂರನೇ ಒಂದು ಪಾಲು ಕಟ್ಟಿದ್ದ. ಜಾಗ ಮತ್ತು ಕೊಟ್ಟಿಗೆ ಅಸ್ಗರ್ ಸಾಹೇಬರವು, ಬಾಡಿಗೆಗೆ. ಸಂಸ್ಥೆಯ ಸ್ವಂತದ್ದು ಅಂದರೆ ಎಂಜಿನ್ನು ಮತ್ತು 1933ರ ಜನವರಿಯಲ್ಲಿ ಎರಡು ಸಾವಿರದ ನಾನ್ನೂರಕ್ಕೆ ಕೊಂಡ ಕಡಲೆಕಾಯಿ ಸುಲಿಯುವ ಯಂತ್ರ, ಎರಡೇ.

ಪಾಲುಪತ್ರದ ಹನ್ನೊಂದನೇ ಕಲಮು ಹೀಗಿತ್ತು: ಪಾಲು ಬಿಟ್ಟು ಹೋಗುವವನಿಗೆ, ಅಥವಾ ಸತ್ತವನ ವಾರಸುದಾರರಿಗೆ, ಆ ವರ್ಷದ ಜೂನ್ ಮೂವತ್ತಕ್ಕೆ ಆಸ್ತಿ ರಿಜಿಸ್ಟರಿನಲ್ಲಿ ಕಾಣುವ ಪುಸ್ತಕದ ಬೆಲೆಯಂತೆ ಯಂತ್ರಗಳಲ್ಲಿನ ಪಾಲು ಸಲ್ಲತಕ್ಕದ್ದು. ದಾಸ್ತಾನು, ನಗದು ಬೇರೆ ಲೆಕ್ಕ.

1936ರ ಮೇ ತಿಂಗಳಲ್ಲಿ ಅಪ್ಪ ಜ್ವರದಲ್ಲಿ ಸತ್ತ. ನನಗೆ ಹದಿನಾರು. ತಿಥಿ ಮುಗಿದ ಮೂರನೇ ದಿನ ಮಹಾಲಿಂಗಯ್ಯ ಮನೆಗೆ ಬಂದು ಅಮ್ಮನ ಮುಂದೆ ಕಣ್ಣೊರೆಸಿಕೊಂಡು, "ಹುಡುಗನ್ನ ನನ್ನ ಹತ್ರ ಕಳ್ಸಮ್ಮ, ಗುಮಾಸ್ತೆ ಕೆಲಸ ಕೊಡ್ತೀನಿ, ತಿಂಗಳಿಗೆ ಹನ್ನೆರಡು ರೂಪಾಯಿ" ಎಂದ. ಊರೆಲ್ಲ ಆತನನ್ನು ಹೊಗಳಿತು. ಅಮ್ಮ ಇವತ್ತಿಗೂ ಹೊಗಳುತ್ತಾಳೆ.

ನನ್ನ ಮೊದಲ ಕೆಲಸವೇ ಆ ರಿಜಿಸ್ಟರು.

"ಹಳೇ ಪುಸ್ತಕಕ್ಕೆ ಗೆದ್ದಲು ಹಿಡಿದೈತೆ ಕಣ್ಲಾ. ನಿನ್ನ ಅಕ್ಷರ ಮುತ್ತಿನಂಗೈತೆ. ಹೊಸದಾಗಿ ಬರ್ದುಬುಡು. ಅಂಕಿ ಇಲ್ಲಿಂದ ನೋಡ್ಕೊ" ಎಂದು ಒಂದು ಚೀಟಿ ಕೊಟ್ಟ. ಹಳೆಯ ಪುಸ್ತಕ ಎದುರಿಗೇ ಇತ್ತು. ಗೆದ್ದಲು ಎಲ್ಲೂ ಕಾಣಲಿಲ್ಲ. ಅದರ ಎಂಜಿನ್ನಿನ ಪುಟದಲ್ಲಿ ಸವಕಳಿಯ, ಅಂದರೆ ಯಂತ್ರ ಸವೆದಂತೆ ವರ್ಷವರ್ಷ ಬೆಲೆಯಲ್ಲಿ ಕಳೆಯುವ ಮೊತ್ತದ, ಸಾಲಿನ ಉದ್ದಕ್ಕೂ ಒಂದೇ ಅಂಕಿ ಇತ್ತು. ಇನ್ನೂರೈವತ್ತು, ಇನ್ನೂರೈವತ್ತು, ಇನ್ನೂರೈವತ್ತು. ಅಪ್ಪನ ಅಕ್ಷರ. ಚೀಟಿಯಲ್ಲಿದ್ದ ಅಂಕಿಗಳು ಬೇರೆ. ಸಾವಿರ, ಎಂಟುನೂರು, ಆರುನೂರ ನಲವತ್ತು, ಹೀಗೆ ಇಳಿಯುತ್ತಿದ್ದವು. ನಾನು ಕೇಳಲಿಲ್ಲ. ಸೂತಕದ ಮನೆಯ ಹುಡುಗ, ಕೂಳಿಗೆ ದಾರಿ ಸಿಕ್ಕಿತೆಂದು ಕೈ ಮುಗಿದವನು, ಏನು ಕೇಳುತ್ತಾನೆ? ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಬರೆದು ಮುಗಿಸಿದ ದಿನ ಹಳೆಯ ಪುಸ್ತಕ ಆತನ ಮನೆಯ ಬಚ್ಚಲ ಒಲೆಗೆ ಹೋಯಿತು.

ಹೊಸ ಪುಸ್ತಕದ ಪ್ರಕಾರ ಅಪ್ಪನ ಪಾಲಿಗೆ ಬಂದದ್ದು ಎಂಟುನೂರ ಐದು ರೂಪಾಯಿ ಎಂಟಾಣೆ ಒಂಬತ್ತು ಪೈ. ಅಮ್ಮ ಹೆಬ್ಬೆಟ್ಟು ಒತ್ತಿದಳು. ಅಪ್ಪನ ಆಸ್ಪತ್ರೆ ಖರ್ಚು ತೀರಿ ಉಳಿದದ್ದರಲ್ಲಿ ಒಂದು ಹಸು ಬಂತು. ಹೊಲ ಬರಲಿಲ್ಲ.

ಆಮೇಲೆ ಮಹಾಲಿಂಗಯ್ಯ ಪಾಲುಪತ್ರಕ್ಕೆ ಇನ್ನೊಂದು ಕಲಮು ಸೇರಿಸಿದ. ಸವಕಳಿಯ ರೀತಿ ಮತ್ತು ದರವನ್ನು ಉಳಿದ ಪಾಲುದಾರರೆಲ್ಲರ ರುಜು ಇಲ್ಲದೆ ಬದಲಾಯಿಸಕೂಡದು. ಮುಂದೆ ಯಾರಾದರೂ ಲೆಕ್ಕ ಗೊತ್ತಿದ್ದವರು ನಮ್ಮಮ್ಮನ ಪರವಾಗಿ ಬಂದು, ಇದು ನಡುವೆ ತಿರುಗಿಸಿದ ರೀತಿ ಎಂದು ಕೆದಕಿದರೆ ತೋರಿಸಲು ಒಂದು ಗೋಡೆ. ಅಸ್ಗರ್ ಸಾಹೇಬರು ನಂಬಿ ರುಜು ಹಾಕಿದರು. ಆ ಗೋಡೆಯನ್ನೂ ಕಟ್ಟಿದ್ದು ನನ್ನ ಅಕ್ಷರವೇ.

*

ಎರಡು ವರ್ಷ ಕಳೆದ ಮೇಲೆ ಲೆಕ್ಕಪತ್ರದ ಪರೀಕ್ಷೆಗೆ ಕಟ್ಟಿದೆ. ತುಮಕೂರಿನಿಂದ ತರಿಸಿದ ಹಳೆಯ ಪುಸ್ತಕವೊಂದರಲ್ಲಿ ಸವಕಳಿಯ ಅಧ್ಯಾಯ. ಒಂದೇ ಪುಟದಲ್ಲಿ ಪಕ್ಕಪಕ್ಕ ಎರಡು ಕೋಷ್ಟಕ. ಎಡಗಡೆ ಸಮಕಂತಿನ ರೀತಿ: ಸಾವಿರ ರೂಪಾಯಿ ಯಂತ್ರ, ಹತ್ತು ವರ್ಷದ ಆಯುಸ್ಸು, ವರ್ಷಕ್ಕೆ ನೂರು, ನೂರು, ನೂರು. ಬಲಗಡೆ ಇಳಿಯುವ ಬಾಕಿಯ ರೀತಿ: ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ನೂರಕ್ಕೆ ಹತ್ತು, ಮೊದಲ ವರ್ಷ ನೂರು, ಆಮೇಲೆ ತೊಂಬತ್ತು, ಆಮೇಲೆ ಎಂಬತ್ತೊಂದು.

ಎಡಗಡೆಯದು ಅಪ್ಪನ ಅಕ್ಷರ. ಬಲಗಡೆಯದು ನನ್ನದು.

ಪುಸ್ತಕ ಮುಚ್ಚಿ ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡೆ. ಆಮೇಲೆ ಬಂದು ಕೂತು ಲೆಕ್ಕ ಹಾಕಿದೆ. ಅಪ್ಪನ ರೀತಿಯಲ್ಲಿ ಇಪ್ಪತ್ತು ವರ್ಷದ ಆಯುಸ್ಸು. ಆರು ವರ್ಷಕ್ಕೆ ಎಂಜಿನ್ನಿನಲ್ಲಿ ಒಂದೂವರೆ ಸಾವಿರ ಕಳೆದು ಮೂರೂವರೆ ಸಾವಿರ. ಸುಲಿಯುವ ಯಂತ್ರ ವರ್ಷದ ನಡುವೆ ಬಂದದ್ದು, ಮೂರೂವರೆ ವರ್ಷಕ್ಕೆ ನಾನ್ನೂರ ಇಪ್ಪತ್ತು ಕಳೆದು ಸಾವಿರದ ಒಂಬೈನೂರ ಎಂಬತ್ತು. ಎರಡೂ ಸೇರಿ ಐದು ಸಾವಿರದ ನಾನ್ನೂರ ಎಂಬತ್ತು. ಅದರ ಮೂರನೇ ಒಂದು ಪಾಲು ಸಾವಿರದ ಎಂಟುನೂರ ಇಪ್ಪತ್ತಾರು ರೂಪಾಯಿ ಹತ್ತಾಣೆ ಎಂಟು ಪೈ. ಅಪ್ಪ ಸತ್ತ ಮೇಲೆ ಮಹಾಲಿಂಗಯ್ಯ ಹೊಂದಿಸಿದ ರೀತಿಯಲ್ಲಿ, ನೂರಕ್ಕೆ ಇಪ್ಪತ್ತರಂತೆ, ಎಂಟುನೂರ ಐದು ಚಿಲ್ಲರೆ. ಎರಡಕ್ಕೂ ನಡುವೆ ಸಾವಿರದ ಇಪ್ಪತ್ತೊಂದು ರೂಪಾಯಿ ಒಂದಾಣೆ ಹನ್ನೊಂದು ಪೈ.

ಆ ಸಂಖ್ಯೆಯನ್ನು ನಾನು ಎಲ್ಲೂ ಬರೆದಿಡಲಿಲ್ಲ. ಬೇಕಾಗಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಅದು ಬಾಯಿಯಲ್ಲಿರುತ್ತಿತ್ತು.

ಕೋರ್ಟಿಗೆ ಹೋಗಬಹುದಿತ್ತು. ಸಾಕ್ಷಿ ಏನು? ಹಳೆಯ ಪುಸ್ತಕ ಬೂದಿ. ಹೊಸದು ನನ್ನದೇ ಕೈಬರಹ. ಇಳಿಯುವ ಬಾಕಿಯ ರೀತಿ ಸುಳ್ಳು ರೀತಿಯೂ ಅಲ್ಲ, ಪುಸ್ತಕದಲ್ಲೇ ಅಚ್ಚಾಗಿರುವಂಥದ್ದು. ಅದನ್ನು ಒಬ್ಬ ಸತ್ತ ಮೇಲೆ, ಮೊದಲ ವರ್ಷದಿಂದಲೇ ಇತ್ತು ಎಂಬಂತೆ ಬರೆಸಿದ್ದು ಮೋಸ. ಅದನ್ನು ಯಾರಿಗೆ ತೋರಿಸಲಿ?

ಹಾಗಾಗಿ ನಾನು ಮಾಡಿದ್ದು ಒಂದೇ. ಆ ಪುಸ್ತಕವನ್ನು ಚೆನ್ನಾಗಿ ಸಾಕಿದೆ.

ಪ್ರತಿ ಜೂನ್ ಮೂವತ್ತಕ್ಕೆ ನೂರಕ್ಕೆ ಇಪ್ಪತ್ತು ಕಳೆದೆ. ಪೈಯವರೆಗೆ ಸರಿಯಾಗಿ. 1941ರಲ್ಲಿ ಎಂಜಿನ್ನಿನ ತಲೆ ಸೀಳಿ ಆರುನೂರ ನಲವತ್ತು ರೂಪಾಯಿ ಕೊಟ್ಟು ಹೊಸದು ಹಾಕಿಸಿದಾಗ ಕೇಳಿದೆ, "ಯಜಮಾನ್ರೇ, ಇದನ್ನ ಎಂಜಿನ್ನಿನ ಬೆಲೆಗೆ ಸೇರಿಸ್ಲಾ, ದುರಸ್ತಿ ಖರ್ಚಿಗೆ ಹಾಕ್ಲಾ?" ಆ ವರ್ಷ ಲಾಭ ಜಾಸ್ತಿ, ತೆರಿಗೆಯ ಭಯ. "ಖರ್ಚಿಗೆ ಹಾಕ್ಲಾ, ಮುರಿದಿದ್ದನ್ನ ಸರಿ ಮಾಡಿದ್ದು ಅಷ್ಟೆ, ಹೊಸದೇನು ಬಂತು?" ಎಂದು ವೋಚರಿಗೆ ರುಜು ಹಾಕಿದ. ತಪ್ಪೂ ಅಲ್ಲ. ನಾನು ವೋಚರನ್ನು ಬೇರೆ ಕಡತದಲ್ಲಿ ಜೋಪಾನ ಮಾಡಿದೆ.

ನಮ್ಮ ಮಿಲ್ಲಿನಲ್ಲಿ ಒಂದು ಪದ್ಧತಿ. ವರ್ಷದ ಲೆಕ್ಕ ಮುಗಿಸಿದ ಪುಸ್ತಕಗಳನ್ನು ಆಯುಧಪೂಜೆಯ ದಿನ ಎಂಜಿನ್ನಿನ ಮುಂದೆ ಮಣೆಯ ಮೇಲಿಟ್ಟು, ಮಂಗಳಾರತಿ ಆದ ಮೇಲೆ ಯಜಮಾನ ಕುಂಕುಮದ ಬೆರಳಲ್ಲೇ ರುಜು ಹಾಕಬೇಕು. ಮಣೆಯ ಮೇಲಿರುವ ಪುಸ್ತಕವನ್ನು ಓದುವುದು ದೇವರನ್ನು ಪರೀಕ್ಷೆ ಮಾಡಿದಂತೆ ಎಂದು ಮಹಾಲಿಂಗಯ್ಯನ ನಂಬಿಕೆ. ನಾನು ಪ್ರತಿ ವರ್ಷ ಹಿಂದಿನ ದಿನವೇ ಕೇಳುತ್ತಿದ್ದೆ: "ಒಂದ್ಸಲ ನೋಡ್ಬುಡಿ ಯಜಮಾನ್ರೇ." ಆತ ಪ್ರತಿ ವರ್ಷ ಹೇಳುತ್ತಿದ್ದ: "ನೀನು ನೋಡಿದ ಮೇಲೆ ನಾನೇನ್ಲಾ ನೋಡೋದು?" ಎಂಟು ಪೂಜೆ, ಎಂಟು ರುಜು, ಪ್ರತಿಯೊಂದರ ಪಕ್ಕ ಒಂದು ಕೆಂಪು ಹೆಬ್ಬೆರಳು.

ಎಂಟು ವರ್ಷದಲ್ಲಿ, ತಲೆ ಸೀಳಿದ ದಿನಗಳನ್ನು ಬಿಟ್ಟರೆ, ಆ ಎಂಜಿನ್ನು ಒಂದು ದಿನವೂ ನಿಲ್ಲದೆ ದುಡಿಯಿತು. ಪುಸ್ತಕದಲ್ಲಿ ಮಾತ್ರ ಅದು ಕರಗಿ ಕರಗಿ ಸೈಕಲ್ಲಿನಷ್ಟಾಯಿತು.

*

ಕಳೆದ ಫೆಬ್ರವರಿಯಲ್ಲಿ ಮಹಾಲಿಂಗಯ್ಯ ಪಾವಗಡದಿಂದ ಬಂದವನು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಅಲ್ಲಿ ಅಳಿಯನ ಜೊತೆ ಸ್ವಂತದ ಮಿಲ್ಲು ಹಾಕುವ ಹುರುಪು. ವಳ್ಳೂರು, ಬಲಸಮುದ್ರ, ರಾಯಚರ್ಲು ಕಡೆಯ ಕಡಲೆಕಾಯಿಯೆಲ್ಲ ಅಲ್ಲಿಗೇ ಬೀಳುತ್ತದೆ, ಇಲ್ಲಿಗೆ ಗಾಡಿ ಯಾಕೆ ಹೊಡೆಸಬೇಕು? ಜಾಗಕ್ಕೆ ಮುಂಗಡ ಕೊಟ್ಟಾಗಿತ್ತು. ಬಾಕಿ ಇಲ್ಲಿಯ ಪಾಲು ಬಂದ ಮೇಲೆ. ಆ ದಿನ ನನ್ನನ್ನು ಕರೆದು, ಬಾಗಿಲು ಮುಂದೆ ಮಾಡಿ ಕೇಳಿದ.

"ಜೂನಿಗೆ ಬಿಟ್ಟುಬುಟ್ರೆ ಹೆಂಗಪ್ಪಾ? ಎಂಜಿನ್ನು ಏನು ಬಾಳ್ತೈತೆ ಈಗ?"

"ಮಾರ್ಕೆಟ್ಟಿನಲ್ಲಿ ಎಂಟೂವರೆ, ಒಂಬತ್ತು ಸಾವಿರ ಅಂತಾರೆ ಯಜಮಾನ್ರೇ" ಎಂದೆ.

ಸುಳ್ಳು ಹೇಳಲಿಲ್ಲ. ಆತ ಕೇಳಿದ್ದು ಏನು ಬಾಳುತ್ತದೆ ಎಂದು. ಹನ್ನೊಂದನೇ ಕಲಮು ತನಗೂ ಅನ್ವಯಿಸುತ್ತದೆ ಎಂಬುದು ಆತನ ತಲೆಗೇ ಹೋಗಿರಲಿಲ್ಲ. ನಿಮಗೆ ಏನು ಸಲ್ಲುತ್ತದೆ ಎಂದು ಹೇಳುವುದು ಗುಮಾಸ್ತೆಯ ಧರ್ಮವಾಗಿತ್ತು. ಹೇಳಲಿಲ್ಲ. ಆ ರಾತ್ರಿ ನಾನು ಹಾಯಾಗಿ ನಿದ್ದೆ ಮಾಡಿದೆ. ಮೂರು ದಿನದ ಮೇಲೆ ಆತನ ನೋಟೀಸನ್ನು ನಾನೇ ಬರೆದು, ನಾನೇ ಶಿರಾಕ್ಕೆ ಒಯ್ದು, ಅಸ್ಗರ್ ಸಾಹೇಬರ ಒಪ್ಪಿಗೆಯ ರುಜು ತಂದೆ. ಒಪ್ಪಿಗೆ ಆದ ಮೇಲೆ ನೋಟೀಸು ಹಿಂದಕ್ಕೆ ಬರುವುದಿಲ್ಲ.

*

ಹಾಗೆ ಬಂದ ಜುಲೈ ತಿಂಗಳ ಆ ಬೆಳಿಗ್ಗೆ ಮಹಾಲಿಂಗಯ್ಯ ಬಾಗಿಲ ಬೆಳಕಿನಲ್ಲಿ ಚೀಟಿ ಹಿಡಿದು ನಿಂತಿದ್ದ.

"ಇದೇನ್ಲಾ ಇದು? ಇನ್ನೂರ ಎರಡು?"

"ಇನ್ನೂರ ಎರಡು ರೂಪಾಯಿ ಹನ್ನೊಂದಾಣೆ ಆರು ಪೈ. ಮೇಲೆ ಅರ್ಧ ಪೈ ಬರುತ್ತೆ, ಬಿಟ್ಟಿದ್ದೀನಿ."

"ಒಂದು ತಿಂಗಳ ಬಾಡಿಗೆ ಏನ್ಲಾ ಇದು?"

"ಮಿಷನ್ನುಗಳಲ್ಲಿ ನಿಮ್ಮ ಪಾಲು. ಎಂಜಿನ್ನು ಇನ್ನೂರ ಹತ್ತೊಂಬತ್ತು ರೂಪಾಯಿ ಹದಿನಾಲ್ಕಾಣೆ ಐದು ಪೈ. ಸುಲಿಯೋ ಮಿಷನ್ನು ನೂರ ಎಂಬತ್ತೈದು ರೂಪಾಯಿ ಎಂಟಾಣೆ ಎಂಟು ಪೈ. ಎರಡರಲ್ಲಿ ಅರ್ಧ."

ಆತ ನಕ್ಕ. ಬಾಷಾ ಸಾಬರ ಕಡೆ ನೋಡಿ, ಅವರೂ ನಗಲಿ ಎಂದು ಕಾದ. ಅವರು ಚಿಂದಿ ಮಡಿಸುತ್ತಿದ್ದರು.

"ಒಂಬತ್ತು ಸಾವಿರದ ಎಂಜಿನ್ನು ಕಣೋ!"

"ಅದು ಸಂತೆ ಬೆಲೆ. ಹನ್ನೊಂದನೇ ಕಲಮು ಪುಸ್ತಕದ ಬೆಲೆ ಅನ್ನುತ್ತೆ."

"ತಲೆ ಹೊಸದು ಹಾಕ್ಸಿಲ್ವಾ? ಆರುನೂರ ನಲವತ್ತು? ಅದೆಲ್ಲೋಯ್ತು?"

"ಖರ್ಚಿಗೆ. ನಿಮ್ಮ ರುಜು ಐತೆ ವೋಚರಲ್ಲಿ. ಮುರಿದಿದ್ದನ್ನ ಸರಿ ಮಾಡಿದ್ದು, ಹೊಸದೇನು ಬಂತು ಅಂದಿದ್ರಿ."

ರಿಜಿಸ್ಟರನ್ನು ಆತನ ಕೈಗೆ ಕೊಟ್ಟೆ. ಎಂಟು ವರ್ಷದಲ್ಲಿ ಮೊದಲ ಸಲ ಅದನ್ನು ಓದಿದ. ಬೆರಳು ಸಾಲಿನ ಮೇಲಿಂದ ಕೆಳಗೆ ಇಳಿಯಿತು. ಸಾವಿರದ ಮುನ್ನೂರ ಹತ್ತು. ಸಾವಿರದ ನಲವತ್ತೆಂಟು. ಎಂಟುನೂರ ಮೂವತ್ತೆಂಟು. ಪ್ರತಿ ಸಾಲಿನ ಬದಿಯಲ್ಲೂ ಆತನದೇ ಹೆಬ್ಬೆರಳು ಕೆಂಪಗೆ ಕೂತಿತ್ತು. ಬೆರಳು 1936ರ ಸಾಲಿಗೆ ವಾಪಸು ಹೋಯಿತು, ಅಲ್ಲೇ ನಿಂತಿತು. ಆಗ ಆತ ನನ್ನ ಮುಖ ನೋಡಿದ. ಮೊದಲ ಸಲ, ಗುಮಾಸ್ತೆಯನ್ನು ಅಲ್ಲ, ಗಂಗಾಧರಯ್ಯನ ಮಗನನ್ನು.

ದನಿ ತಗ್ಗಿಸಿ ಹೇಳಿದ, "ಪುಸ್ತಕ ಹಳೇದಾಯ್ತು ಕಣಪ್ಪ. ಗೆದ್ದಲು ಹಿಡಿದೈತೆ ಅನ್ನು. ಹೊಸದಾಗಿ ಬರ್ದುಬುಡು. ಯುದ್ಧ ಶುರುವಾದಾಗ ಬೆಲೆ ಮರುಲೆಕ್ಕ ಮಾಡಿದ್ವಿ ಅಂತ ಒಂದು ಸಾಲು. ಅಸ್ಗರ್ ಸಾಹೇಬರು ಲಾಭದ ಸಾಲು ಬಿಟ್ಟು ಬೇರೆ ಓದಿದ್ದೇ ಇಲ್ಲ."

"ಈ ಪುಸ್ತಕಕ್ಕೆ ಗೆದ್ದಲು ಹಿಡಿಯಲ್ಲ ಯಜಮಾನ್ರೇ. ಕರ್ಪೂರದ ಗಂಟು ಇಟ್ಟಿದ್ದೀನಿ."

"ಕುಂಕುಮಕ್ಕೇನು ಬರ ಬಂದೈತಾ? ಎಂಟು ಸಲ ಹೆಬ್ಬೆಟ್ಟು ಒತ್ತಿದೋನು ಇನ್ನೆಂಟು ಸಲ ಒತ್ತಲಾರನಾ?"

ಬಾಷಾ ಸಾಬರು ಎದ್ದು ನಿಂತರು. "ಯಜಮಾನ್ರೇ, ಪ್ರತಿ ವರ್ಷ ಆ ಮಣೆ ಇಲ್ಲಿಟ್ಟೋನು ನಾನು. ಪುಸ್ತಕ ಯಾವ್ದು ಅಂತ ನಂಗೂ ಗುರ್ತು ಐತೆ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಕುರುಡ ಅಂತ ಹೇಳಕ್ಕಾಗಲ್ಲ."

ಮಹಾಲಿಂಗಯ್ಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೊರಟ. ಬೆತ್ತ ಎಂಜಿನ್ನಿಗೆ ಒರಗಿಸಿದ್ದು ಅಲ್ಲೇ ಉಳಿಯಿತು. ನಾನು ಅದನ್ನು ಮುಟ್ಟಲಿಲ್ಲ.

"ನೀನು ಫೆಬ್ರವರೀಲೇ ಹೇಳ್ಬೋದಿತ್ತು," ಎಂದರು ಬಾಷಾ ಸಾಬರು, ಆತ ಹೋದ ಮೇಲೆ.

"ಅವನು ನಮ್ಮಮ್ಮನಿಗೆ ಹೇಳಿದ್ನಾ?"

ಅವರು ಫಲಕಕ್ಕೆ ಮತ್ತೆ ಒಂದಿಷ್ಟು ಎಣ್ಣೆ ಸವರಿದರು, ಯಾರದೋ ಗಾಯಕ್ಕೆ ಸವರುವ ಹಾಗೆ.

*

ಮರುದಿನ ಮಹಾಲಿಂಗಯ್ಯ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಶಿರಾಕ್ಕೆ ಹೋದನೆಂದು ಸುದ್ದಿ ಬಂತು. ಹೋಗಲಿ ಎಂದುಕೊಂಡೆ. ಹದಿಮೂರು ಸಾವಿರ ಬಾಳುವ ಯಂತ್ರಗಳಲ್ಲಿ ಅರ್ಧ ಇನ್ನೂರು ರೂಪಾಯಿಗೆ ತಮ್ಮ ಕೈಗೆ ಬರುವಾಗ ಅಸ್ಗರ್ ಸಾಹೇಬರು ಬಿಡುವವರೇ? ವ್ಯಾಪಾರಿ ಅಲ್ಲವೇ ಅವರು?

ಅದರ ಮರುದಿನ ಸಂಜೆ, ಅಮ್ಮ ಜಗುಲಿಯ ಮೇಲೆ ಮುತ್ತುಗದ ಎಲೆ ಹಚ್ಚುತ್ತ ಕೂತಿದ್ದಳು. ಊಟದ ಎಲೆ ನೂರಕ್ಕೆ ಆರು ಕಾಸಿನಂತೆ ಹಚ್ಚಿ ಕೊಡುತ್ತಾಳೆ. ಬೆರಳುಗಳ ತುದಿ ಕಡ್ಡಿ ಚುಚ್ಚಿ ಚುಚ್ಚಿ ಕಪ್ಪಾಗಿವೆ. ಮಹಾಲಿಂಗಯ್ಯ ಬಂದು ಅವಳ ಎದುರಿಗೆ, ಬರಿಯ ನೆಲದ ಮೇಲೆ ಕೂತ. ಎರಡು ದಿನದಲ್ಲಿ ಮುಖ ಜೋತಿತ್ತು. ವಿಭೂತಿ ಇರಲಿಲ್ಲ.

"ಅಯ್ಯೋ, ಚಾಪೆ ಹಾಸ್ತೀನಿ ಇರಿ ಯಜಮಾನ್ರೇ," ಎಂದು ಅಮ್ಮ ಎದ್ದಳು.

"ಬ್ಯಾಡ ಶಿವರುದ್ರಮ್ಮ. ಕೂತ್ಕೊ. ನಿನ್ನ ಮುಂದೇನೇ ಹೇಳ್ಬೇಕು."

ಒಂದು ಕಾಗದ ತೆಗೆದು ನನ್ನ ಮುಂದಿಟ್ಟ. ಅಸ್ಗರ್ ಸಾಹೇಬರ ಗುಮಾಸ್ತೆಯ ಕನ್ನಡ, ಕೆಳಗೆ ಅವರದೇ ಉರ್ದು ರುಜು. ಸಾಹೇಬರು ಬರೆಸಿದ್ದು ಇಷ್ಟು: ಪಾಲುದಾರರಿಬ್ಬರೂ ಒಪ್ಪಿ, ಯಂತ್ರಗಳನ್ನು ಈಗಿನ ಬೆಲೆಗೆ ಮರುಲೆಕ್ಕ ಮಾಡಿ, ಆ ಪ್ರಕಾರ ಮಹಾಲಿಂಗಯ್ಯನ ಪಾಲು ಕೊಡಲು ನನ್ನ ಅಡ್ಡಿಯಿಲ್ಲ. ಆದರೆ 1936ರಲ್ಲಿ ಗಂಗಾಧರಯ್ಯನವರ ಮನೆಗೆ ಕಡಿಮೆ ಹೋದದ್ದರಲ್ಲಿ ಅರ್ಧ ನನಗೂ ಲಾಭವಾಗಿದೆ. ಆಗ ತಿಳಿಯಲಿಲ್ಲ, ಈಗ ತಿಳಿಯಿತು. ಆದ್ದರಿಂದ ಗಂಗಾಧರಯ್ಯನವರ ಮಗ ಇದರ ಕೆಳಗೆ ತನ್ನ ಕೈಯಿಂದ 'ಒಪ್ಪಿದೆ' ಎಂದು ಬರೆದರೆ ಮಾತ್ರ ಇದು ಜಾರಿ. ಇಲ್ಲದಿದ್ದರೆ ಪುಸ್ತಕದ ಬೆಲೆಯೇ ಕಾಯಂ.

ಮೋಸದ ಸಾಲು ಒಂದೂ ಇರಲಿಲ್ಲ. ಎಲ್ಲ ಕಲಮುಗಳಿಗೂ ಸರಿಯಾಗಿತ್ತು. ಇದನ್ನು ಹೇಗೆ ಹರಿಯುವುದೆಂದು ಹುಡುಕಿದೆ, ಹರಿಯಲು ತಪ್ಪು ಸಿಗಲಿಲ್ಲ.

"ಎಲ್ಲ ಹೇಳ್ಬುಟ್ಟೆ ಅವರಿಗೆ," ಎಂದ ಮಹಾಲಿಂಗಯ್ಯ. "ಬಚ್ಚಲ ಒಲೇದೂ ಹೇಳ್ದೆ." ಆಮೇಲೆ ಅಮ್ಮನ ಕಡೆ ತಿರುಗಿದ. "ಅಮ್ಮಾ, ನಿನ್ನ ಗಂಡನ ಪಾಲಲ್ಲಿ ನಾನು ಮೋಸ ಮಾಡ್ದೆ. ಲೆಕ್ಕದ ರೀತಿ ತಿರುಗಿಸಿ, ಈ ಹುಡುಗನ ಕೈಲೇ ಬರೆಸ್ದೆ."

ಅಮ್ಮನ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು.

ಆತ ಮಡಿಲಿನಿಂದ ಕೆಂಪು ವಸ್ತ್ರದ ಗಂಟು ತೆಗೆದು ಬಿಚ್ಚಿದ. ನೂರರ ನೋಟು ಹತ್ತು. ಹತ್ತರ ನೋಟು ಎರಡು. ಒಂದು ಬೆಳ್ಳಿ ರೂಪಾಯಿ. ಆಮೇಲೆ ಬೆರಳ ತುದಿಯಿಂದ ಒಂದೊಂದಾಗಿ ಚಿಲ್ಲರೆ ಇಟ್ಟ. ಒಂದಾಣೆಯ ಬಿಲ್ಲೆ. ಅದರ ಪಕ್ಕ ಪುಟ್ಟ ತಾಮ್ರದ ಪೈಗಳು. ನಾನು ಎಣಿಸಿದೆ. ಹನ್ನೊಂದು.

ಸಾವಿರದ ಇಪ್ಪತ್ತೊಂದು ರೂಪಾಯಿ ಒಂದಾಣೆ ಹನ್ನೊಂದು ಪೈ.

ಆ ಸಂಖ್ಯೆ ನನ್ನೊಬ್ಬನದೇ ಎಂದುಕೊಂಡಿದ್ದೆ. ಆತನಿಗೂ ಗೊತ್ತಿತ್ತು. ಎಂಟು ವರ್ಷ, ಪೈಯವರೆಗೆ. ನನಗೆ ಹನ್ನೆರಡು ರೂಪಾಯಿ ಸಂಬಳ ಎಣಿಸಿಕೊಡುವಾಗ, ಮಂಗಳಾರತಿ ತೆಗೆದುಕೊಳ್ಳುವಾಗ, ಅಮ್ಮ ದಾರಿಯಲ್ಲಿ ಕೈ ಮುಗಿದಾಗ.

"ಅರ್ಧ ಸಾಹೇಬರು ಕೊಟ್ರು, ಅರ್ಧ ನಂದು," ಎಂದ. "ಬಡ್ಡೀನೂ ಕಟ್ಟಿ ಕೊಡ್ತೀನಿ, ನೀನು ಹೇಳಿದ ದರ. ಪಾವಗಡದಲ್ಲಿ ಕೊಟ್ಟ ಮುಂಗಡ ಮುಳುಗೋಯ್ತದೆ ಅಡವಯ್ಯ. ಅಳಿಯನ ಮನೇಲಿ ಮಗಳು ತಲೆ ಎತ್ತಂಗಿಲ್ಲ. ಅರವತ್ತಾಯ್ತು ನಂಗೆ. ಒಂದು ಮಾತು ಬರಿ."

ಅಮ್ಮ ಎಲೆ ಕೆಳಗಿಟ್ಟಳು. ಕಪ್ಪಾದ ಬೆರಳುಗಳಿಂದ ಆ ಬೆಳ್ಳಿ ರೂಪಾಯಿಯನ್ನು ಮುಟ್ಟಿದಳು, ಬಿಸಿಯಿದೆಯೇನೋ ಎಂದು ನೋಡುವ ಹಾಗೆ. ಅವಳ ಕಣ್ಣಲ್ಲಿ ಕೋಪ ಹುಡುಕಿದೆ. ಇರಲಿಲ್ಲ.

"ಅಡವಿ," ಎಂದಳು, "ಕೊರಟಗೆರೆ ರಸ್ತೆ ಹೊಲ ಕೊಡ್ತೀವಿ ಅಂತ ವೃಷಭೇಂದ್ರಪ್ಪನೋರು ಮೊನ್ನೆ ಅಂದ್ರು. ಒಂಬೈನೂರಕ್ಕೇ. ನಿಮ್ಮಪ್ಪನ ಹೊಲ ಕಣಪ್ಪ. ಇಸ್ಕೊ. ಒಂದು ಮಾತು ತಾನೆ, ಬರ್ಕೊಟ್ಬುಡು."

ಮಹಾಲಿಂಗಯ್ಯ ಜೇಬಿನಿಂದ ತನ್ನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಎರಡೂ ಕೈಯಲ್ಲಿ ನನ್ನ ಕಡೆ ಚಾಚಿದ. ಆಯುಧಪೂಜೆಯ ದಿನ ನಾನು ಆತನಿಗೆ ಚಾಚುತ್ತಿದ್ದ ಹಾಗೆ. 

ನನ್ನ ಮುತ್ತಿನಂಥ ಅಕ್ಷರದಲ್ಲಿ ಮೂರೇ ಅಕ್ಷರ. ಹೊಲ ಬರುತ್ತಿತ್ತು. ಅಮ್ಮ ಎಲೆ ಹಚ್ಚುವುದು ನಿಲ್ಲುತ್ತಿತ್ತು. ಈ ಮನುಷ್ಯ ನಾಳೆ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಸ್ಸು ಹತ್ತುತ್ತಿದ್ದ, ಹಗುರಾಗಿ, ಬಾಕಿ ತೀರಿಸಿದವನ ಹಾಗೆ. ಪಾವಗಡದಲ್ಲಿ ಹೊಸ ಎಂಜಿನ್ನಿನ ಮುಂದೆ ಹೊಸ ಮಣೆ ಇಡಿಸುತ್ತಿದ್ದ.

ಅಮ್ಮನ ಕೈ ಇನ್ನೂ ರೂಪಾಯಿಯ ಮೇಲಿತ್ತು. ಅದನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಸರಿಸಿದೆ. ಗಂಟಿನ ನಾಲ್ಕು ತುದಿ ಕೂಡಿಸಿ ಆತನ ಕಡೆ ತಳ್ಳಿದೆ.

"ಬೇಡ," ಎಂದೆ. "ಪುಸ್ತಕದ ಬೆಲೆ ಇಸ್ಕೊಂಡು ಹೋಗಿ."